ಸೆಪ್ಟೆಂಬರಿನ ಹೊಳವು: ಒಂದು ಮಳೆ ಪುಸ್ತಕ, ಎರಡು ಸ್ಥಿತಿಗಳ ಒಂದು ಸರಪಳಿ

ಮೂಡಿಗೆರೆ ಕಡೆ ಕಾಫಿಯ ನಡುವೆ ಅಡಿಕೆಯನ್ನೂ ಬೆಳೆಯುವ ನನ್ನ ಭಾವನವರ ತೋಟದಲ್ಲಿ ಕಳೆದ ವರ್ಷ ಆಗಸ್ಟ್ ಕೊನೆಯ ವಾರ ಒಂದು ಪ್ರಶ್ನೆ ಎದ್ದಿತು. ಔಷಧಿ ಹೊಡೆಯುವ ಗುಂಪೊಂದು ಸೆಪ್ಟೆಂಬರ್ ಪೂರ್ತಿ ಲೈನ್ ಮನೆಯಲ್ಲಿ ಉಳಿದು ಕೆಲಸ ಮಾಡಲು ಒಪ್ಪಿತ್ತು. ಆದರೆ ಮಳೆ ಬಂದು ಕೆಲಸ ನಿಂತರೂ ಕನಿಷ್ಠ 18 ದಿನದ ಕೂಲಿ ಖಾತ್ರಿಯಾಗಬೇಕೆಂದು ಮೇಸ್ತ್ರಿ ಪಟ್ಟು ಹಿಡಿದಿದ್ದ. ಭಾವನವರು ಮಳೆ ಪುಸ್ತಕವನ್ನು ನನ್ನ ಮುಂದಿಟ್ಟು, “ಮೇಷ್ಟ್ರೇ, ಕಾಲೇಜಿನಲ್ಲಿ ಹುಡುಗರಿಗೆ ಹೇಳುವ ಲೆಕ್ಕವನ್ನು ಇದರ ಮೇಲೆ ಮಾಡಿ ತೋರಿಸು. ಸೆಪ್ಟೆಂಬರಿನಲ್ಲಿ ನನಗೆ ಎಷ್ಟು ದಿನ ಹೊಳವು ಸಿಗುತ್ತದೆ?” ಎಂದರು.

ಮುಂದೆ ಬರುವುದು ಆ ಲೆಕ್ಕದ ಪೂರ್ಣ ವಿವರ. ಕೈಯಲ್ಲೇ ಮಾಡಿ ನೋಡಲು ಅನುಕೂಲವಾಗಲಿ ಎಂದು ಅಂಕಿಗಳನ್ನು ಹೊಂದಿಸಿ ದುಂಡಗೆ ಮಾಡಿದ್ದೇನೆ. ಆದ್ದರಿಂದ ಇವನ್ನು ಮಲೆನಾಡಿನ ಮಳೆಯ ಅಂಕಿಅಂಶವೆಂದು ಯಾರೂ ಎತ್ತಿಕೊಳ್ಳಬಾರದು. ಇಲ್ಲಿ ಮುಖ್ಯವಾಗಿರುವುದು ಲೆಕ್ಕ ನಡೆಯುವ ಬಗೆ.

ಪುಸ್ತಕದಿಂದ ಸರಪಳಿಗೆ

ಮಳೆಯ ದಿನ ಯಾವುದು, ಹೊಳವಿನ ದಿನ ಯಾವುದು ಎಂಬುದನ್ನು ಮೊದಲು ಗೆರೆ ಹಾಕಿ ಬೇರ್ಪಡಿಸಬೇಕು. ಭಾರತೀಯ ಹವಾಮಾನ ಇಲಾಖೆ 24 ಗಂಟೆಗಳಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವನ್ನು ಮಳೆಯ ದಿನವೆಂದು ಎಣಿಸುತ್ತದೆ. ತೋಟದ ಪುಸ್ತಕಗಳು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ ನಡೆಯುತ್ತವೆ. ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟ್ ಆಗಿರುವುದರಿಂದ 10 ಸೆಂಟ್ ಎಂದರೆ 2.54 ಮಿಲಿಮೀಟರ್, ಅಂದರೆ ಇಲಾಖೆಯ ಗೆರೆಗೆ ಹೆಚ್ಚು ಕಡಿಮೆ ಸಮ. ಹಾಗಾಗಿ 10 ಸೆಂಟ್ ಮತ್ತು ಮೇಲ್ಪಟ್ಟ ದಿನಕ್ಕೆ M, ಅದಕ್ಕಿಂತ ಕಡಿಮೆಯ ದಿನಕ್ಕೆ H ಎಂದು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ತುಂಬುತ್ತಾ ಹೋದೆವು.

ತುಂಬುವಾಗಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹಳೆಯ ವರ್ಷಗಳ ಪುಟಗಳಲ್ಲಿ ಭಾನುವಾರಗಳು ಅತಿಯಾಗಿ ಒಣಗಿದ್ದವು, ಸೋಮವಾರಗಳಲ್ಲಿ ಮಳೆ ಅತಿಯಾಗಿ ಸುರಿದಿತ್ತು. ಮೋಡಗಳಿಗೆ ವಾರದ ರಜೆ ಇಲ್ಲ. ರಜೆ ಇದ್ದದ್ದು ತೋಟದ ರೈಟರಿಗೆ. ಅವರು ಭಾನುವಾರ ಮಾಪಕದ ಹತ್ತಿರ ಹೋಗದೆ, ಎರಡು ದಿನದ ನೀರನ್ನು ಸೋಮವಾರ ಬೆಳಿಗ್ಗೆ ಒಟ್ಟಿಗೆ ಅಳೆದು ಬರೆಯುತ್ತಿದ್ದರು. ತಿಂಗಳ ಒಟ್ಟು ಮಳೆಗೆ ಇದರಿಂದ ಏನೂ ತೊಂದರೆಯಿಲ್ಲ, ಆದರೆ ನಮ್ಮ ಲೆಕ್ಕಕ್ಕೆ ಇದು ವಿಷ. ಮಳೆಯ ಸಾಲಿನ ನಡುವೆ ಒಂದು ಸುಳ್ಳು ಹೊಳವು ಸೇರಿಕೊಂಡರೆ ಮಳೆಯಿಂದ ಹೊಳವಿಗೆ ಒಂದು, ಹೊಳವಿನಿಂದ ಮಳೆಗೆ ಒಂದು, ಹೀಗೆ ಎರಡು ಸುಳ್ಳು ದಾಟುಗಳು ಹುಟ್ಟಿ ಮಳೆ ನಿಜಕ್ಕಿಂತ ಚಂಚಲವಾಗಿ ಕಾಣುತ್ತದೆ. ಆದುದರಿಂದ ಆ ಪುಟಗಳನ್ನು ಬದಿಗಿಟ್ಟು, ಪ್ರತಿದಿನವೂ ಒಂದೇ ಹೊತ್ತಿಗೆ ಅಳೆದ ಇತ್ತೀಚಿನ 10 ವರ್ಷಗಳ ಸೆಪ್ಟೆಂಬರನ್ನು ಮಾತ್ರ ತೆಗೆದುಕೊಂಡೆವು.

ಒಂದೊಂದು ವರ್ಷಕ್ಕೂ ಒಂದೊಂದು ಕಂಬಸಾಲು ಕೊಟ್ಟು, ಮೊದಲ ಸಾಲಿನಲ್ಲಿ ವರ್ಷವನ್ನು ಬರೆದು, 2ನೆಯ ಸಾಲಿನಿಂದ 31ನೆಯ ಸಾಲಿನವರೆಗೆ 30 ದಿನಗಳನ್ನು ತುಂಬಿದ ಮೇಲೆ ಮಳೆಯಿಂದ ಹೊಳವಿಗೆ ಆದ ದಾಟುಗಳನ್ನು ಎಣಿಸಲು ಒಂದು ಸೂತ್ರ ಸಾಕು:

```
=COUNTIFS(B2:B30,"M",B3:B31,"H")
```

ಮೊದಲ ಪಟ್ಟಿ “ಇಂದು”, ಒಂದು ಮನೆ ಕೆಳಗೆ ಸರಿದ ಎರಡನೆಯ ಪಟ್ಟಿ “ನಾಳೆ”. ಭಾವನವರ ಮಗ ಇದಕ್ಕೂ ಮುಂಚೆ ಹತ್ತೂ ವರ್ಷಗಳನ್ನು ಒಂದರ ಕೆಳಗೊಂದು ಒಂದೇ ಉದ್ದನೆಯ ಸಾಲಿನಲ್ಲಿ ಅಂಟಿಸಿ ಎಣಿಸಿದ್ದ; ಅವನಿಗೆ 299 ಜೋಡಿಗಳು ಸಿಕ್ಕಿದ್ದವು. ಒಂದು ಸೆಪ್ಟೆಂಬರಿನಲ್ಲಿ ಇರುವುದು 29 ಜೋಡಿ, ಹತ್ತರಲ್ಲಿ 290. ಹೆಚ್ಚಾದ 9 ಜೋಡಿಗಳು ಒಂದು ವರ್ಷದ ಸೆಪ್ಟೆಂಬರ್ 30ಕ್ಕೂ ಮುಂದಿನ ವರ್ಷದ ಸೆಪ್ಟೆಂಬರ್ 1ಕ್ಕೂ ಗಂಟು ಹಾಕಿದಂಥವು. ಜೋಡಿಗಳ ಒಟ್ಟು ಎಷ್ಟಿರಬೇಕೆಂದು ಮೊದಲೇ ಬರೆದಿಟ್ಟುಕೊಂಡರೆ ಈ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ.

ಸರಿಯಾಗಿ ಎಣಿಸಿದ ಮೇಲೆ ಸಿಕ್ಕಿದ್ದು ಇಷ್ಟು. ಇಂದು ಮಳೆ ಇದ್ದ 120 ಜೋಡಿಗಳಲ್ಲಿ 84 ಬಾರಿ ನಾಳೆಯೂ ಮಳೆ, 36 ಬಾರಿ ಹೊಳವು. ಇಂದು ಹೊಳವಿದ್ದ 170 ಜೋಡಿಗಳಲ್ಲಿ 136 ಬಾರಿ ನಾಳೆಯೂ ಹೊಳವು, 34 ಬಾರಿ ಮಳೆ. ಮಳೆಯಿಂದ ಹೊಳವಿಗೆ ದಾಟುವ ಸಂಭವನೀಯತೆಯನ್ನು p ಎಂದೂ, ಹೊಳವಿನಿಂದ ಮಳೆಗೆ ದಾಟುವುದನ್ನು q ಎಂದೂ ಕರೆದರೆ p = 36/120 = 0.3, q = 34/170 = 0.2. ಮಳೆ ಮಳೆಯಾಗಿಯೇ ಉಳಿಯುವ ಸಂಭವನೀಯತೆ 0.7, ಹೊಳವು ಹೊಳವಾಗಿಯೇ ಉಳಿಯುವುದು 0.8. ನಾಳೆಯ ಸ್ಥಿತಿ ಇಂದಿನದನ್ನು ಮಾತ್ರ ನೋಡುತ್ತದೆ, ಅದಕ್ಕೂ ಹಿಂದಿನದನ್ನು ಕೇಳುವುದಿಲ್ಲ ಎಂದು ಒಪ್ಪಿದರೆ, ಇಡೀ ಸೆಪ್ಟೆಂಬರಿನ ಮಳೆಯ ನಡವಳಿಕೆ ಈ ಎರಡೇ ಸಂಖ್ಯೆಗಳಲ್ಲಿ ಅಡಗಿದೆ. ಹೀಗೆ ಇಂದಿನದನ್ನು ಮಾತ್ರ ನೋಡಿ ಮುಂದಕ್ಕೆ ದಾಟುತ್ತಾ ಹೋಗುವ ಸ್ಥಿತಿಗಳ ಸಾಲನ್ನೇ ಗಣಿತದಲ್ಲಿ ಮಾರ್ಕೋವ್ ಸರಪಳಿ ಎನ್ನುತ್ತಾರೆ.

ದಾಟುಗಳ ಸಮತೋಲ

ಪಠ್ಯಪುಸ್ತಕದ ದಾರಿ ಹಿಡಿದರೆ ಸ್ಥಿರ ಸಂಭವನೀಯತೆಗಳನ್ನು ಸಮೀಕರಣ ಬಿಡಿಸಿ ಪಡೆಯಬೇಕು. ಇಂದು ಮಳೆಯ ಸಂಭವನೀಯತೆ π(M), ಹೊಳವಿನದು π(H) ಆಗಿದ್ದು, ನಾಳೆಯೂ ಅವೇ ಉಳಿಯಬೇಕೆಂದರೆ

π(M) = 0.7 π(M) + 0.2 π(H), π(M) + π(H) = 1

ಆಗಿರಬೇಕು. ಬಿಡಿಸಿದರೆ π(M) = 0.4, π(H) = 0.6. ಆದರೆ ಭಾವನವರಿಗೆ ನಾನು ಈ ದಾರಿಯಲ್ಲಿ ಹೇಳಲಿಲ್ಲ, ತರಗತಿಯಲ್ಲೂ ಈಗ ಇದನ್ನು ಎರಡನೆಯದಾಗಿ ಹೇಳುತ್ತೇನೆ. ಏಕೆಂದರೆ ಮೇಲಿನ ಎಣಿಕೆಯಲ್ಲೇ ಉತ್ತರ ಕುಳಿತಿದೆ: ಮಳೆಯಿಂದ ಹೊಳವಿಗೆ 36 ದಾಟು, ಹೊಳವಿನಿಂದ ಮಳೆಗೆ 34 ದಾಟು. ಇವೆರಡೂ ಹತ್ತಿರ ಹತ್ತಿರ ಬಂದಿರುವುದು ಆಕಸ್ಮಿಕವಲ್ಲ. ಒಮ್ಮೆ ಮಳೆಯಿಂದ ಹೊರಬಿದ್ದವನು ಮತ್ತೆ ಹೊರಬೀಳಬೇಕಾದರೆ ನಡುವೆ ಒಮ್ಮೆ ಮಳೆಯೊಳಗೆ ಹೋಗಿರಲೇಬೇಕು. ಹೊಸ್ತಿಲು ದಾಟಿ ಹೊರಗೆ ಬಂದ ಸಲ ಮತ್ತು ಒಳಗೆ ಹೋದ ಸಲಗಳ ನಡುವೆ ಒಂದು ಸೆಪ್ಟೆಂಬರಿನಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ. ದಿನಗಳು ಹೆಚ್ಚಾದಷ್ಟೂ ಆ ಒಂದರ ತೂಕ ಇಲ್ಲದಂತಾಗುತ್ತದೆ. ಆದ್ದರಿಂದ ದೀರ್ಘಕಾಲದಲ್ಲಿ

π(M) × p = π(H) × q

ಎಂಬುದು ಆಗಲೇಬೇಕು. ಮಳೆಯ ದಿನಗಳ ಪಾಲಿಗೂ ಹೊಳವಿನ ದಿನಗಳ ಪಾಲಿಗೂ ಇರುವ ಅನುಪಾತ q : p, ಅಂದರೆ 2 : 3. ಸೂತ್ರವಾಗಿ ಬರೆದರೆ π(M) = q/(p+q), π(H) = p/(p+q). ಮೇಲೆ ಯಾವ ಅಕ್ಷರ ಬರುತ್ತದೆಂದು ಮರೆತರೆ ನೆನಪಿಡಬೇಕಾದದ್ದು ಇಷ್ಟೇ: ಒಂದು ಸ್ಥಿತಿಯ ಪಾಲನ್ನು ಹೆಚ್ಚಿಸುವುದು ಅದರೊಳಗೆ ಬರುವ ದಾಟು, ಆದ್ದರಿಂದ ಅದೇ ಮೇಲೆ ನಿಲ್ಲುತ್ತದೆ.

ಇದೇ ಉತ್ತರವನ್ನು ಮಳೆ ಹಿಡಿದರೆ ಎಷ್ಟು ದಿನ, ಹೊಳವಾದರೆ ಎಷ್ಟು ದಿನ ಎಂಬ ಕಡೆಯಿಂದಲೂ ತಾಳೆ ನೋಡಬಹುದು. ಪ್ರತಿದಿನವೂ 0.3 ಸಂಭವನೀಯತೆಯಿಂದ ಮಳೆ ಬಿಡುವುದಾದರೆ ಒಂದು ಮಳೆ ಸರಾಸರಿ 1/0.3, ಅಂದರೆ ಸುಮಾರು 3.3 ದಿನ ಹಿಡಿಯುತ್ತದೆ. ಒಂದು ಹೊಳವು ಸರಾಸರಿ 1/0.2 = 5 ದಿನ ನಿಲ್ಲುತ್ತದೆ. ಒಂದು ಮಳೆ, ಒಂದು ಹೊಳವು ಸೇರಿದ ಪೂರ್ತಿ ಸುತ್ತು 8.3 ದಿನ. ಅದರಲ್ಲಿ 5 ದಿನ ಹೊಳವೆಂದರೆ ಪಾಲು 0.6. ಸಮೀಕರಣವನ್ನು ಮುಟ್ಟದೆಯೇ ಅದೇ ಸಂಖ್ಯೆ ಬಂತು.

30 ದಿನಗಳ 0.6 ಪಾಲು 18 ದಿನ. ಮೇಸ್ತ್ರಿ ಕೇಳಿದ್ದೂ 18. ಯಾವ ಸಮೀಕರಣವೂ ಇಲ್ಲದೆ ಆತ ಅಷ್ಟನ್ನೇ ಹೇಗೆ ಹೇಳಿದನೆಂಬುದು ನನಗಿನ್ನೂ ಬೆರಗು. ಪುಸ್ತಕದ 300 ದಿನಗಳಲ್ಲಿ ನೇರವಾಗಿ ಎಣಿಸಿದ ಹೊಳವಿನ ದಿನಗಳು 177, ಅಂದರೆ ವರ್ಷಕ್ಕೆ 17.7. ಸರಪಳಿ ಹೇಳಿದ 18ಕ್ಕೂ ಇದಕ್ಕೂ ಇರುವ ಸಣ್ಣ ಅಂತರ ಬಂದಿರುವುದು ತಿಂಗಳ ತುದಿಗಳಿಂದ: ಹತ್ತು ವರ್ಷಗಳಲ್ಲಿ 5 ಸಲ ಸೆಪ್ಟೆಂಬರ್ 1 ಮಳೆಯಲ್ಲಿ ಶುರುವಾಗಿತ್ತು, ಸೆಪ್ಟೆಂಬರ್ 30 ಮಳೆಯಲ್ಲಿ ಮುಗಿದದ್ದು 3 ಸಲ ಮಾತ್ರ. 36 ಮತ್ತು 34ರ ನಡುವಿನ ಆ 2 ಇದೇ.

ಇಲ್ಲಿ ಭಾವನವರು ಕೇಳಿದ್ದು ನ್ಯಾಯವಾದ ಮಾತು: “ದಿನ ಎಣಿಸಿದರೆ 177 ಸಿಗುತ್ತಿತ್ತಲ್ಲ, ಇಷ್ಟೆಲ್ಲ ಸುತ್ತಿ ಬಂದದ್ದು ಯಾಕೆ?” ಬರೀ ಸರಾಸರಿ ಬೇಕಿದ್ದರೆ ಖಂಡಿತ ಸುತ್ತಬೇಕಾಗಿರಲಿಲ್ಲ. ಅವರಿಗೆ ಬೇಕಿದ್ದುದು ಅದಲ್ಲ ಎಂಬುದು ಮುಂದಿನ ಮಾತಿನಲ್ಲಿ ಗೊತ್ತಾಯಿತು.

ಹೊಳವಿನ ದಿನ ಬೇರೆ, ಕೆಲಸದ ದಿನ ಬೇರೆ

ಔಷಧಿ ಹೊಡೆದ ದಿನವೂ ಅದರ ಮರುದಿನವೂ ಹೊಳವಾಗಿದ್ದರೆ ಮಾತ್ರ ಆ ದಿನದ ಕೆಲಸ ದಕ್ಕಿತು ಎಂಬುದು ಭಾವನವರ ಲೆಕ್ಕ. ಹಾಗಾದರೆ ನಮಗೆ ಬೇಕಾದದ್ದು ಹೊಳವಿನ ದಿನಗಳ ಸಂಖ್ಯೆಯಲ್ಲ, ಒಂದರ ಹಿಂದೊಂದು ಬಂದ ಹೊಳವಿನ ಜೋಡಿಗಳ ಸಂಖ್ಯೆ. ದಿನಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದು ಭಾವಿಸಿದರೆ ಇದು 0.6 × 0.6 = 0.36, ತಿಂಗಳ 29 ಜೋಡಿಗಳಲ್ಲಿ ಹತ್ತೂವರೆಗೂ ಕಡಿಮೆ. ಸರಪಳಿಯ ಪ್ರಕಾರ ಇದು 0.6 × 0.8 = 0.48, 29ರಲ್ಲಿ ಸುಮಾರು 14. ಪುಸ್ತಕದಲ್ಲಿ ನಿಜವಾಗಿ ಇದ್ದದ್ದು ಹತ್ತು ವರ್ಷಕ್ಕೆ 136, ಅಂದರೆ ವರ್ಷಕ್ಕೆ 13.6. (0.8 ಎಂಬುದನ್ನು ಈ 136ರಿಂದಲೇ ಪಡೆದಿರುವುದರಿಂದ ಇದು ಸರಪಳಿ ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಸಂಬಂಧವಿಲ್ಲವೆಂಬ ಊಹೆ ತಪ್ಪೆಂಬುದಕ್ಕೆ ಮಾತ್ರ ಸಾಕ್ಷಿ.) ಸ್ಥಿರ ಸಂಭವನೀಯತೆ ಎರಡು ಲೆಕ್ಕಗಳಲ್ಲೂ ಒಂದೇ, 0.6. ಆದರೂ ಉತ್ತರಗಳ ನಡುವೆ ಮೂರೂವರೆ ದಿನದ ಅಂತರವಿದೆ. ದಿನಗಳ ಪಾಲನ್ನು π ಹೇಳುತ್ತದೆ. ಆ ದಿನಗಳು ಗುಂಪು ಕಟ್ಟಿ ಬರುತ್ತವೆಯೋ ಚದುರಿ ಬರುತ್ತವೆಯೋ ಎಂಬುದನ್ನು ಹೇಳುವುದಿಲ್ಲ.

ಅದನ್ನು ಹೇಳುವ ಸಂಖ್ಯೆ ಬೇರೆಯಿದೆ: 1 − p − q, ನಮ್ಮಲ್ಲಿ 0.5. ಅದನ್ನು λ ಎಂದು ಕರೆಯೋಣ. ಇಂದು ಮಳೆಯಿದ್ದಾಗ ನಾಳೆ ಮಳೆಯಾಗುವ ಸಂಭವನೀಯತೆಯಿಂದ, ಇಂದು ಹೊಳವಿದ್ದಾಗ ನಾಳೆ ಮಳೆಯಾಗುವುದನ್ನು ಕಳೆದರೆ (0.7 − 0.2) ಬರುವುದೂ ಇದೇ. ಇಂದಿನ ಸುದ್ದಿಗೆ ನಾಳೆಯ ಮಟ್ಟಿಗೆ ಇರುವ ಬೆಲೆ ಇದು. ನಾಡಿದ್ದಿಗೆ ಆ ಬೆಲೆ 0.5 × 0.5, ಆಚೆ ನಾಡಿದ್ದಿಗೆ ಇನ್ನೂ ಅರ್ಧ. ಇಂದು ಮಳೆಯಾದರೆ n ದಿನಗಳ ನಂತರ ಮಳೆಯ ಸಂಭವನೀಯತೆ

0.4 + 0.6 × (0.5)ⁿ

ಆಗಿ ನಾಳೆಗೆ 0.70, ನಾಡಿದ್ದಿಗೆ 0.55, ಆಮೇಲೆ 0.475 ಹೀಗೆ ಇಳಿಯುತ್ತದೆ. ಇಂದು ಹೊಳವಾಗಿದ್ದರೆ 0.4 − 0.4 × (0.5)ⁿ; ಅದು 0.20, 0.30, 0.35 ಎಂದು ಕೆಳಗಿನಿಂದ ಏರುತ್ತದೆ. ಏಳನೆಯ ದಿನಕ್ಕೆ ಎರಡೂ 0.405 ಮತ್ತು 0.397 ಆಗಿ, ಬೇರೆ ಬೇರೆ ಎಂದು ಹೇಳಲಾಗದಷ್ಟು ಹತ್ತಿರ ಬಂದಿರುತ್ತವೆ.

ಈ ಹಂತದಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷವೂ ಒಂದೇ ಕಡೆ ಎಡವುತ್ತಾರೆ. “ಒಂದು ವಾರದಲ್ಲಿ ಸರಪಳಿ ಸ್ಥಿರವಾಗುತ್ತದೆ” ಎಂದು ಬರೆಯುತ್ತಾರೆ, ಮಳೆಯೇ ಏನೋ ಒಂದು ಹದಕ್ಕೆ ಬಂದು ನಿಂತಂತೆ. ಮಳೆ ಎಲ್ಲೂ ನಿಲ್ಲುವುದಿಲ್ಲ. ಏಳನೆಯ ದಿನವೂ ಅದು ಸುರಿದಿರುತ್ತದೆ ಅಥವಾ ಬಿಟ್ಟಿರುತ್ತದೆ, ಪಾಲು 0.4ರಷ್ಟು ಮಳೆ ಎಂಬ ದಿನವೊಂದಿಲ್ಲ. ಹಳಸುವುದು ಇಂದಿನ ಬಗ್ಗೆ ನಮಗಿರುವ ಸುದ್ದಿ. ಅದು ಪೂರ್ತಿ ಹಳಸಿದ ಮೇಲೆ ಕೈಯಲ್ಲಿ ಉಳಿಯುವ ಊಹೆಯೇ ಸ್ಥಿರ ಸಂಭವನೀಯತೆ.

λ ಋಣವಾಗಿರುವ ಸರಪಳಿಗಳೂ ಇವೆ, ಮತ್ತು ಈ ವಿಷಯದ ಆರಂಭದ ಉದಾಹರಣೆಯೇ ಅಂಥದ್ದು. ರಷ್ಯದ ಗಣಿತಜ್ಞ ಆಂದ್ರೇ ಮಾರ್ಕೋವ್ 1913ರಲ್ಲಿ ಪುಷ್ಕಿನ್ನನ ಪದ್ಯಕಾದಂಬರಿಯೊಂದರ 20,000 ಅಕ್ಷರಗಳನ್ನು ಸ್ವರ, ವ್ಯಂಜನ ಎಂಬ ಎರಡೇ ಸ್ಥಿತಿಗಳಾಗಿ ಎಣಿಸಿದ. ಸ್ವರದ ನಂತರ ಸ್ವರ ಬರುವ ಸಂಭವನೀಯತೆ 0.128, ವ್ಯಂಜನದ ನಂತರ ಸ್ವರ ಬರುವುದು 0.663. ನಮ್ಮ ಸೂತ್ರಕ್ಕೆ ಹಾಕಿದರೆ ಸ್ವರಗಳ ಪಾಲು 0.663/(0.663 + 0.872), ಅಂದರೆ 0.432, ಆತ ನೇರವಾಗಿ ಎಣಿಸಿದ 8,638 ಸ್ವರಗಳ ಪಾಲೂ ಅದೇ. ಅಲ್ಲಿ λ ಬೆಲೆ −0.535 ಆದ್ದರಿಂದ ಸಂಭವನೀಯತೆ ಸ್ಥಿರ ಬೆಲೆಯ ಆಚೆಗೊಮ್ಮೆ ಈಚೆಗೊಮ್ಮೆ ತೂಗಾಡುತ್ತಾ ಹತ್ತಿರವಾಗುತ್ತದೆ. ಸ್ವರ ವ್ಯಂಜನಗಳು ಒಂದೇ ಅಕ್ಷರದಲ್ಲಿ ಕೂಡಿಕೊಳ್ಳುವ ಕನ್ನಡ ಲಿಪಿಯಲ್ಲಿ ಆತ ಈ ಎಣಿಕೆ ಮಾಡಲು ಕುಳಿತಿದ್ದರೆ ಮೊದಲು ಅಕ್ಷರಗಳನ್ನು ಬಿಡಿಸಿಕೊಳ್ಳಬೇಕಾಗುತ್ತಿತ್ತು.

18 ಎಂಬುದು ಎಷ್ಟು ಗಟ್ಟಿ

ಸರಾಸರಿ 18 ಎಂದ ಮಾತ್ರಕ್ಕೆ 18 ದಿನದ ಖಾತ್ರಿ ಕೊಡಲಾಗದು. ಸರಾಸರಿಯ ಸುತ್ತ ವರ್ಷದಿಂದ ವರ್ಷಕ್ಕೆ ಎಷ್ಟು ಏರಿಳಿತವಿದೆ ಎಂಬುದು ಕೂಲಿ ಕೊಡುವವರ ನಿಜವಾದ ಪ್ರಶ್ನೆ. ದಿನಗಳಿಗೆ ಸಂಬಂಧವಿಲ್ಲದಿದ್ದರೆ 30 ದಿನಗಳಲ್ಲಿ ಹೊಳವಿನ ಸಂಖ್ಯೆಯ ವಿಚಲನಾಂಕ 30 × 0.6 × 0.4 = 7.2, ಅದರ ವರ್ಗಮೂಲವಾದ ಮಾನಕ ವಿಚಲನೆ ಸುಮಾರು 2.7 ದಿನ. ಆದರೆ ಮಳೆ ಗುಂಪಾಗಿ ಬರುವಾಗ ಒಂದು ದಿನ ಹೆಚ್ಚಾದರೆ ಅದರ ಜೊತೆಗೆ ಇನ್ನೂ ಕೆಲವು ದಿನ ಹೆಚ್ಚಾಗುತ್ತವೆ. ದೀರ್ಘಕಾಲದಲ್ಲಿ ವಿಚಲನಾಂಕ (1 + λ)/(1 − λ) ಪಟ್ಟು ಹಿಗ್ಗುತ್ತದೆ; λ = 0.5 ಆದಾಗ ಅದು 3 ಪಟ್ಟು. ತಿಂಗಳು 30 ದಿನಕ್ಕೇ ಮುಗಿಯುವುದರಿಂದ ತುದಿಗಳ ಸಣ್ಣ ತಿದ್ದುಪಡಿ ಮಾಡಿದರೆ 2.87 ಪಟ್ಟು, ವಿಚಲನಾಂಕ 20.6, ಮಾನಕ ವಿಚಲನೆ ಸುಮಾರು 4.5 ದಿನ.

ಇದನ್ನು ಪುಸ್ತಕದ ಎದುರು ಹಿಡಿದು ನೋಡಬಹುದು, ಮತ್ತು ನನ್ನ ಮಟ್ಟಿಗೆ ಇಡೀ ಅಧ್ಯಯನದಲ್ಲಿ ನಿಜವಾದ ಪರೀಕ್ಷೆ ಇದೊಂದೇ, ಏಕೆಂದರೆ ವರ್ಷವಾರು ಏರಿಳಿತವನ್ನು p, q ಕಂಡುಹಿಡಿಯುವಾಗ ನಾವು ಬಳಸಿಯೇ ಇರಲಿಲ್ಲ. ಹತ್ತು ಸೆಪ್ಟೆಂಬರುಗಳ ಹೊಳವಿನ ದಿನಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 11, 13, 14, 16, 17, 18, 20, 21, 23, 24. ಇವುಗಳ ಮಾನಕ ವಿಚಲನೆ 4.3. ಸರಪಳಿ ಹೇಳಿದ 4.5ಕ್ಕೆ ಹತ್ತಿರ, 2.7ರಿಂದ ಬಹಳ ದೂರ. ಭಾವನವರು ಇಂದಿಗೂ ಶಪಿಸುವ ಆ 11 ದಿನದ ಸೆಪ್ಟೆಂಬರ್ ಕೂಡ ಸರಪಳಿಯ ಕಣ್ಣಿನಲ್ಲಿ ಸರಾಸರಿಯಿಂದ ಒಂದೂವರೆ ವಿಚಲನೆ ಕೆಳಗಿನ ವರ್ಷ, ಅಷ್ಟೇನೂ ಅಪರೂಪವಲ್ಲ.

ಇದೇ ಮೂರು ಪಟ್ಟು π ಎಂಬ ಅಂದಾಜಿನ ಮೇಲೂ ಸುಂಕ ವಸೂಲಿ ಮಾಡುತ್ತದೆ. 290 ಜೋಡಿಗಳೆಂದರೆ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಅಕ್ಕಪಕ್ಕದ ದಿನಗಳು ಅರ್ಧ ಒಂದೇ ಮಾತನ್ನು ಹೇಳುತ್ತಿರುವುದರಿಂದ ಅವುಗಳಲ್ಲಿರುವ ಮಾಹಿತಿ ಸುಮಾರು 97 ಬಿಡಿ ದಿನಗಳಿಗೆ ಸಮ. ಹೀಗಾಗಿ 0.6 ಎಂಬುದರ ಮಾನಕ ದೋಷ 0.05. ಅಂದರೆ ತಿಂಗಳ ಸರಾಸರಿ 18 ಎಂಬುದೇ ಒಂದೂವರೆ ದಿನ ಆಚೀಚೆ ಇರಬಹುದು.

ಇಂದು ಮಾತ್ರವೇ? ಸೆಪ್ಟೆಂಬರ್ ಮಾತ್ರವೇ?

ನಾಳೆ ಇಂದನ್ನು ಮಾತ್ರ ನೋಡುತ್ತದೆ ಎಂಬುದು ನಾವು ಒಪ್ಪಿಕೊಂಡ ಮಾತು, ಮಳೆ ಬರೆದುಕೊಟ್ಟದ್ದಲ್ಲ. ಪರೀಕ್ಷಿಸುವ ಬಗೆ ಸರಳ: ಇಂದು ಮಳೆ ಇದ್ದ ದಿನಗಳನ್ನು ನಿನ್ನೆ ಏನಿತ್ತೆಂಬುದರ ಮೇಲೆ ಎರಡು ರಾಶಿ ಮಾಡಬೇಕು. ನಿನ್ನೆಯೂ ಮಳೆ ಇದ್ದ 82 ಸಲಗಳಲ್ಲಿ 59 ಬಾರಿ ನಾಳೆ ಮಳೆ ಬಂದಿತ್ತು, ಅಂದರೆ 0.72, ನಿನ್ನೆ ಹೊಳವಿದ್ದ 33 ಸಲಗಳಲ್ಲಿ 22 ಬಾರಿ, ಅಂದರೆ 0.67. ಅಂತರ 0.05, ಇಷ್ಟು ಸಣ್ಣ ರಾಶಿಗಳಲ್ಲಿ ಅಂತರದ ಮಾನಕ ದೋಷವೇ 0.09 ಇರುವುದರಿಂದ ನಿನ್ನೆಯ ಕೈವಾಡ ಇದೆಯೆನ್ನಲು ಆಧಾರವಿಲ್ಲ. ಹೊಳವಿನ ಕಡೆಯೂ ಇದೇ ರೀತಿ ನೋಡಿ ಮುಂದೆ ಹೋದೆವು. ದೈನಂದಿನ ಮಳೆಗೆ ಈ ಸರಪಳಿಯನ್ನು ಹೊಂದಿಸಿದ ಪ್ರಸಿದ್ಧ ಕೆಲಸ ಗೇಬ್ರಿಯಲ್ ಮತ್ತು ನಾಯ್‌ಮನ್ 1962ರಲ್ಲಿ ಟೆಲ್ ಅವೀವ್ ಮಳೆಯ ಮೇಲೆ ಮಾಡಿದ್ದು. ಅಲ್ಲಿ ಮಳೆಯ ನಂತರ ಮಳೆ 0.662, ಒಣ ದಿನದ ನಂತರ ಮಳೆ 0.250 ಬಂದಿತ್ತು. ಆದರೆ ಅಲ್ಲಿ ಮಳೆಗಾಲವೆಂದರೆ ಚಳಿಗಾಲ; ಸಂಖ್ಯೆಗಳು ನಮ್ಮವಕ್ಕೆ ಹತ್ತಿರ ಕಂಡರೂ ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸುವಂತಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಕಾಲವನ್ನು ಬೆರೆಸುವುದರಲ್ಲಿದೆ. ದಾಖಲೆ ಹೆಚ್ಚಾದಷ್ಟೂ ಒಳ್ಳೆಯದಲ್ಲವೇ, ಜುಲೈಯನ್ನೂ ಫೆಬ್ರವರಿಯನ್ನೂ ಸೇರಿಸಿಬಿಡೋಣ ಎಂದು ಭಾವನವರ ಮಗ ಹೇಳಿದ. ಒಂದು ಕಲ್ಪಿತ ಉದಾಹರಣೆಯಿಂದ ಅವನನ್ನು ತಡೆದೆ. ಒಂದು ತಿಂಗಳಲ್ಲಿ ಪ್ರತಿದಿನವೂ ಹತ್ತರಲ್ಲಿ ಒಂಬತ್ತು ಪಾಲು ಮಳೆ, ಇನ್ನೊಂದು ತಿಂಗಳಲ್ಲಿ ಹತ್ತರಲ್ಲಿ ಒಂದು ಪಾಲು ಮಳೆ, ಮತ್ತು ಎರಡರಲ್ಲೂ ಒಂದು ದಿನಕ್ಕೂ ಮರುದಿನಕ್ಕೂ ಯಾವ ಸಂಬಂಧವೂ ಇಲ್ಲ ಎಂದುಕೊಳ್ಳೋಣ. ಎರಡನ್ನೂ ಬೆರೆಸಿ ಎಣಿಸಿದರೆ ಮಳೆಯ ನಂತರ ಮಳೆ 0.82 ಎಂದೂ, ಹೊಳವಿನ ನಂತರ ಮಳೆ 0.18 ಎಂದೂ ಬರುತ್ತದೆ. ಇಲ್ಲದ ನಂಟು ಹುಟ್ಟಿಕೊಂಡಿತು. ಇದರ ಸ್ಥಿರ ಸಂಭವನೀಯತೆ 0.5; ಅದು ಆ ತಿಂಗಳಿಗೂ ಸಲ್ಲದು, ಈ ತಿಂಗಳಿಗೂ ಸಲ್ಲದು. ಸೂತ್ರ ಮಾತ್ರ ಯಾವ ತಕರಾರೂ ಇಲ್ಲದೆ ಉತ್ತರ ಕೊಟ್ಟಿರುತ್ತದೆ. ಸ್ಥಿರ ಸಂಭವನೀಯತೆಗೆ p, q ಸ್ಥಿರವಾಗಿರಬೇಕು ಎಂಬ ಷರತ್ತನ್ನು ಅದು ತಾನಾಗಿ ಪರಿಶೀಲಿಸುವುದಿಲ್ಲ. ಸೆಪ್ಟೆಂಬರನ್ನೇ ಮೊದಲ 15, ಕೊನೆಯ 15 ಎಂದು ಒಡೆದು p, q ಬೇರೆ ಬೇರೆ ಎಣಿಸಿ ನೋಡುವುದು ಒಳ್ಳೆಯದು. ನಾವು ನೋಡಿದಾಗ ವ್ಯತ್ಯಾಸ ಮಾನಕ ದೋಷದ ಒಳಗೇ ಇತ್ತು.

ಒಪ್ಪಂದ

ಖಾತ್ರಿಯ ಮಾತಿಗೆ ಬಂದಾಗ ನಾವು ಹಿಡಿದದ್ದು ಜೋಡಿ ಹೊಳವುಗಳ ವರ್ಷವಾರು ಪಟ್ಟಿಯನ್ನು: 7, 9, 10, 12, 13, 14, 16, 17, 18, 20. ಮೇಸ್ತ್ರಿ ಕೇಳಿದ 18 ದಿನದ ಕೆಲಸ ಪೂರ್ತಿ ದಕ್ಕಿದ್ದು ಹತ್ತರಲ್ಲಿ ಎರಡೇ ವರ್ಷ. 10 ದಿನದ ಖಾತ್ರಿ ಕೊಟ್ಟಿದ್ದರೆ ಕೈಯಿಂದ ಹೋಗುತ್ತಿದ್ದುದು ಎರಡು ವರ್ಷ, ಅದೂ ಒಟ್ಟು 4 ದಿನದ ಕೂಲಿ. 10 ದಿನ ಖಾತ್ರಿ, ಅದರ ಮೇಲೆ ಕೆಲಸವಾದಷ್ಟು ದಿನಕ್ಕೆ ದಿನಗೂಲಿಗಿಂತ ಸ್ವಲ್ಪ ಹೆಚ್ಚು ಎಂದು ಮಾತಾಯಿತು. ಮೇಸ್ತ್ರಿ ಒಪ್ಪಿದ್ದು ಆ ಹೆಚ್ಚಿಗೆ ಕೂಲಿಗಾಗಿ.

ಆಗಸ್ಟ್ 31ರ ಸಂಜೆ ಮಳೆ ಜಡಿಯುತ್ತಿತ್ತು. ಭಾವನವರು ಜಗಲಿಯಲ್ಲಿ ನಿಂತು, ಈ ಮಳೆ ನೋಡಿದರೆ ಒಪ್ಪಂದವನ್ನು ಇನ್ನೂ ಇಳಿಸಬೇಕಿತ್ತು ಎಂದು ಚಡಪಡಿಸಿದರು. ಆಗ ಹಾಳೆಯ ಹಿಂಬದಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿದೆ. ಇಂದು ಮಳೆಯೆಂದರೆ ಮುಂದಿನ ದಿನಗಳಲ್ಲಿ ಮಳೆಯ ಸಂಭವನೀಯತೆ 0.4ಕ್ಕಿಂತ 0.3, 0.15, 0.075 ಹೀಗೆ ಅರ್ಧರ್ಧವಾಗುತ್ತಾ ಹೆಚ್ಚಿರುತ್ತದೆ. ಎಲ್ಲ ಕೂಡಿದರೆ 0.6 ದಿನ. ಇಂದು ಹೊಳವಾಗಿದ್ದರೆ ಇದೇ ರೀತಿ 0.4 ದಿನ ಕಡಿಮೆ. ಹಾಗಾಗಿ ಸೆಪ್ಟೆಂಬರಿನ ಹೊಳವು ಇಂದು ಮಳೆಯಾದರೆ ಸರಾಸರಿ 17.4 ದಿನ, ಇಂದು ಹೊಳವಾಗಿದ್ದರೆ 18.4 ದಿನ. ಆ ಸಂಜೆಯ ಮಳೆಗೆ ಇಡೀ ತಿಂಗಳ ಲೆಕ್ಕದಲ್ಲಿ ಇದ್ದ ಬೆಲೆ ಒಂದು ದಿನ. ಭಾವನವರು ಹಾಳೆಯನ್ನು ನೋಡಿ, ಮಾಪಕದ ನೀರನ್ನು ನಾಳೆ ಬೆಳಿಗ್ಗೆ ತಾವೇ ಅಳೆಯುವುದಾಗಿ ಹೇಳಿ ಒಳಗೆ ಹೋದರು. ಮರುದಿನದ ಪುಟದಲ್ಲಿ ಬರೆದಿದ್ದುದು 6 ಸೆಂಟ್. ನಮ್ಮ ಗೆರೆಯ ಪ್ರಕಾರ H.